ತೊಟ್ಟಿಲ ಹಗ್ಗ

ಜ್ವರದ ರಾತ್ರಿಗಳಲ್ಲೆಲ್ಲ ಮಗ ನನ್ನೆದೆಯ ಮೇಲೆಯೇ ಮಲಗಿದ್ದ. ಜ್ವರ ಪೂರ್ತಿ ಬಿಟ್ಟ ಮೇಲೆ, ನಿನ್ನೆ ರಾತ್ರಿ, ಮತ್ತೆ ತೊಟ್ಟಿಲಿಗೆ ಹಾಕಿದೆ. ಮಿಸುಕಿದರೆ ಎಚ್ಚರವಾಗಲಿ ಎಂದು ತೊಟ್ಟಿಲ ಹಗ್ಗವನ್ನು ನನ್ನ ಕಾಲ್ಬೆರಳಿಗೆ ಕಟ್ಟಿಕೊಂಡೆ.

ಎದ್ದಾಗ ಶ್ರೀರಾಂಪುರದ ನಮ್ಮ ಒಂಟಿ ಕೋಣೆಗೆ ಬಿಸಿಲು ಬಂದಿತ್ತು. ಅಳುವೇ ಇಲ್ಲ. ಕಾಲಲ್ಲಿ ಹಗ್ಗವೂ ಇಲ್ಲ. ಓಡಿಹೋಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಇಷ್ಟು ತಣ್ಣಗೆ ಯಾಕೆ? ಭುಜ ಹಿಡಿದು ಅಲುಗಾಡಿಸಿದೆ. ಕಿಟಾರನೆ ಕಿರುಚಿಕೊಂಡ.

"ಅಯ್ಯೋ, ಚೆನ್ನಾಗಿ ಮಲಗಿದ್ದೋನನ್ನ ಎಬ್ಬಿಸ್ಬಿಟ್ಯಲ್ಲೇ!" ಗೋಡೆಗೊರಗಿ ಕೂತಿದ್ದ ಅತ್ತೆ ಅಂಜಮ್ಮ ರೇಗಿದರು. "ನೀನೂ ಒಂಚೂರು ಮಲಗ್ಲಿ ಅಂತ ಹಗ್ಗ ಬಿಚ್ಚಿದ್ದು. ಜ್ವರ ಬಿಟ್ಟಿದೆ, ಇನ್ನೇನು ಭಯ ನಿಂಗೆ?"

ಅವರು ಕಾಲು ಮಡಚಿ ಏಳಲು ಹೋದರು. ತೊಟ್ಟಿಲು ಅಲುಗಿತು. ಹಗ್ಗ ಅವರ ಕಾಲ್ಬೆರಳಲ್ಲಿತ್ತು.