ಚೌಕದ ಬಲಮೂಲೆ

ಶುಕ್ರವಾರ ಮುಖ್ಯಗುರು ಹಾಲಸ್ವಾಮಿ ಅನುಸೂಯಾಳ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು.

"ಮೇಡಮ್ಮಾರೆ, ಮಕ್ಕಳು ಸಿನಿಮಾ ನೋಡಿದಂಗ ನೋಡ್ತಾರ. ಬರಕಣೋದ್ರಾಗ ಸ್ಲೈಡ್ ಓಡಿ ಹೋಗಿರ್ತದ. ಸೋಮವಾರ ಒಂಬತ್ತನೇ ಕ್ಲಾಸಿಗೆ ಬರೀ ಬೋರ್ಡಿನ ಮ್ಯಾಲೆ ಪಾಠ ಮಾಡ್ರಿ. ನಾ ಹಿಂದ ಕುಂತು ನೋಡ್ತೀನಿ. ಬರಲ್ಲ ಅಂದ್ರ ಬ್ಯಾರೆಯವರನ್ನ ಹುಡುಕಬೇಕಾಗ್ತದ."

ಅನುಸೂಯಾ ಸಂಡೂರು ರಸ್ತೆಯ ಆ ಸರ್ಕಾರಿ ಪ್ರೌಢಶಾಲೆಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಬಂದು ತಿಂಗಳಾಗಿತ್ತು. ಅದಕ್ಕೂ ಮೊದಲು ತೋರಣಗಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಗುಂಡಿ ಒತ್ತಿದರೆ ಪಾಠ ತಾನೇ ನಡೆಯುತ್ತಿತ್ತು. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಇಲ್ಲಿಂದಾದರೆ ಸಂಜೆಯ ಬಸ್ಸಿಗೆ ಹೊಸಪೇಟೆ, ಆಮೇಲೆ ಮಗಳ ಜಡೆ ಬಿಚ್ಚುವಷ್ಟು ಹೊತ್ತು ಕೈಯಲ್ಲಿ ಉಳಿಯುತ್ತಿತ್ತು. ಈ ಕೆಲಸ ಕೈತಪ್ಪಿದರೆ ಮತ್ತೆ ತೋರಣಗಲ್ಲಿನ ಬಸ್ಸೇ ಗತಿ.

ಆ ಸಂಜೆ ರೊಟ್ಟಿ ತಟ್ಟುವ ನಡುವೆ ಅವಳು ಒಂದು ಹಾಳೆಯನ್ನು ಅಡ್ಡಕ್ಕಿಟ್ಟು ಬೋರ್ಡಿನ ನಕ್ಷೆ ಬರೆದಳು. ಎಡಕ್ಕೆ ಪ್ರಶ್ನೆ ಮತ್ತು ಮಕ್ಕಳ ಊಹೆ. ನಡುವೆ ಚಿತ್ರ. ಅದರ ಬಲಕ್ಕೆ ಹಂತಗಳು. ಬಲ ತುದಿಯಲ್ಲಿ ಕಚ್ಚಾ ಲೆಕ್ಕಕ್ಕೆ ಒಂದು ಸಣ್ಣ ಪಟ್ಟಿ. ಅಳಿಸುವುದೇನಿದ್ದರೂ ಅಲ್ಲಿ ಮಾತ್ರ. ಕೆಳಗಿನ ಒಂದು ಮೊಳ ಖಾಲಿ, ಹಿಂದಿನ ಬೆಂಚಿನವರಿಗೆ ಮುಂದಿನವರ ತಲೆ ಅಡ್ಡ ಬರುತ್ತದೆ. ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಆಮೇಲೆ ಎಂದು ಒಂದೊಂದಕ್ಕೂ ಸುತ್ತು ಹಾಕಿ ಅಂಕಿ ಕೊಟ್ಟಳು.

ಅತ್ತೆ ಹಂಪಕ್ಕನೇ ವಿದ್ಯಾರ್ಥಿನಿ. ಮಗಳ ಸ್ಲೇಟಿನ ಮೇಲೆ ಚೌಕ ಬಿಡಿಸಿ ಅನುಸೂಯಾ ಏನನ್ನೋ ಒರೆಸಿದಳು.

"ಯಾಕವ್ವಾ ಅಳಿಸಿದಿ? ನಾ ಇನ್ನೂ ಅದನ್ನ ನೋಡೇ ಇಲ್ಲ."

"ಅದು ಮುಗೀತಲ್ರೀ ಅತ್ತಿ."

"ನಿಂದು ಮುಗೀತು. ನಂದು? ಮತ್ತ, ಮೈ ಅಡ್ಡ ಕೊಟ್ಟು ಬರೀತಿಯಲ್ಲ, ನಿನ್ನ ಬೆನ್ನು ನೋಡಿ ಲೆಕ್ಕ ಕಲೀಬೇಕೇನು? ಅತ್ಲಾಗ ರೊಟ್ಟಿನೂ ಸೀದು ಹೋತು."

ಪಕ್ಕಕ್ಕೆ ನಿಂತು ಬರೆಯುವುದು ಎಂದು ಹಾಳೆಯ ತುದಿಗೆ ಸೇರಿತು.

ಶನಿವಾರ ಬೆಳಗಿನ ಶಾಲೆ. ಬಿಡುವ ಮುಂಚೆ ಮಕ್ಕಳು ಇದ್ದಿಲ ಪುಡಿ, ತೊಂಡೆ ಎಲೆ ಹಾಕಿ ತಿಕ್ಕಿ ಬೋರ್ಡನ್ನು ಕಪ್ಪು ಮಾಡುವ ಪದ್ಧತಿ. ಈ ಸಲದ ಮುಂದಾಳು ಭುವನೇಶ್ವರಿ. ಒಂಬತ್ತನೇ ತರಗತಿಯಲ್ಲಿ ಅವಳು ನಕ್ಕರೆ ಎಲ್ಲರೂ ನಗುವರು, ಅವಳು ಆಕಳಿಸಿದರೆ ಎಲ್ಲರಿಗೂ ನಿದ್ದೆ. ಸ್ಲೈಡ್ ನಿಂತ ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಮುಖ ಊದಿಸಿದವಳೂ ಅವಳೇ.

ಮಕ್ಕಳು ಹೋದ ಮೇಲೆ ಅನುಸೂಯಾ ಅಕ್ಷರದ ಗಾತ್ರ ನೋಡಲು ಒಂದು ಸಾಲು ಬರೆದು, ಕೊನೆಯ ಬೆಂಚಿನಲ್ಲಿ ಕೂತಳು. ಸಾಲಿನ ನಡುವೆ ಎರಡು ಅಕ್ಷರ ಇಲ್ಲ. ಎದ್ದು ಬಂದು ಮತ್ತೆ ಬರೆದಳು. ಚಾಕ್‌ಪೀಸ್ ಜಾರಿತು. ಅಂಗೈ ಆಡಿಸಿದರೆ ನುಣುಪು. ಕೆಳಗಿನ ಹಲಗೆಯ ಮೇಲೆ ಗುಲಾಬಿ ಬಣ್ಣದ ಮೇಣದ ಚೂರುಗಳು. ಮೊನ್ನೆ ಗುರುವಾರ ಭುವನೇಶ್ವರಿಯ ಹುಟ್ಟುಹಬ್ಬ, ಕ್ಲಾಸಿನಲ್ಲಿ ಹಚ್ಚಿದ ಮೇಣದಬತ್ತಿಗಳೂ ಗುಲಾಬಿ. ಹಂಚಿದ ಚಾಕೊಲೇಟು ಇನ್ನೂ ಅನುಸೂಯಾಳ ಚೀಲದಲ್ಲೇ ಇತ್ತು.

ಸೋಮವಾರ ಸರ್ ಹಿಂದೆ ಕೂತಿರುವಾಗ, ಬರೆಯುತ್ತಿದ್ದಂತೆ ಚಾಕ್‌ಪೀಸ್ ಹೀಗೆ ಜಾರಿದರೆ? ಸೀಮೆಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ ಎಂದು ಬಿಸಿಯೂಟದ ಕೋಣೆಯತ್ತ ಎರಡು ಹೆಜ್ಜೆ ಇಟ್ಟಳು. ಮತ್ತೆ ನಿಂತಳು. ತಿರುಗಿ ಬಂದು ಆ ಜಾಗವನ್ನು ಗೇಣಿನಿಂದ ಅಳೆದಳು. ಅಗಲ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಎತ್ತರ ಸ್ವಲ್ಪ ಹೆಚ್ಚು.

ಬಸ್ಸಿನಲ್ಲಿ ಚಾಕೊಲೇಟು ತಿಂದು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನಡುವಿನ ಚಿತ್ರವನ್ನು ಒಂದಿಷ್ಟು ಎಡಕ್ಕೆ ಸರಿಸಿ ಬರೆದಳು.

ಸೋಮವಾರ ಹಾಲಸ್ವಾಮಿ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತರು. ಮಕ್ಕಳ ಕಣ್ಣೆಲ್ಲ ಬೋರ್ಡಿನ ಒಂದೇ ಜಾಗದಲ್ಲಿ.

ಅನುಸೂಯಾ ಎಡಕ್ಕೆ ಬರೆದಳು: (a + b)² = ?

"a² + b² ಟೀಚರ್!" ಇಡೀ ಕ್ಲಾಸು ಕೂಗಿತು.

ಅದನ್ನೂ ಊಹೆ ಎಂದು ಕೆಳಗೆ ಬರೆದಳು. ಅಳಿಸಲಿಲ್ಲ. ನಡುವೆ ಎಡ ಮೇಲ್ಮೂಲೆಯಲ್ಲಿ ದೊಡ್ಡ ಚೌಕ, a². ಅದರ ಬಲ ಕೆಳಮೂಲೆಗೆ ಮೂಲೆ ತಾಗಿಸಿ ಹೊರಗೆ ಸಣ್ಣ ಚೌಕ, b². ಎರಡನ್ನೂ ಒಳಗೊಳ್ಳುವಂತೆ ಹೊರಗೆರೆ ಎಳೆದಳು. ಮೇಲಿನ ಬಲಮೂಲೆಗೆ ಬಂದಾಗ ಗೆರೆ ಮಾಯವಾಯಿತು. ಎರಡನೇ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಅನುಸೂಯಾ ತಿರುಗಿ ನೋಡಲಿಲ್ಲ. "a ಮೂರು, b ಎರಡು. ಪೂರಾ ಚೌಕ ಎಷ್ಟು?"

"ಐದೈದ್ಲಿ ಇಪ್ಪತ್ತೈದು!"

"ನಿಮ್ಮ a², b²?"

"ಒಂಬತ್ತು, ನಾಕು... ಹದಿಮೂರು."

"ಉಳಿದ ಹನ್ನೆರಡು ಯಾರು ತಿಂದ್ರು?"

ನಗು. ಭುವನೇಶ್ವರಿ ಮಾತ್ರ ಚಿತ್ರವನ್ನೇ ನೋಡುತ್ತಿದ್ದಳು. ತಡೆಯಲಾರದೆ ಕೈ ಎತ್ತಿದಳು. "ಟೀಚರ್, ಕೆಳಗ ಎಡಕ್ಕ ಒಂದು ಖಾಲಿ ಐತಿ. ಉದ್ದ a, ಅಗಲ b."

"ಬಾರವ್ವ, ಬರಿ."

ಅವಳು ಬಂದು ab ಎಂದು ಬರೆದಳು. ಮೂರೆರಡ್ಲಿ ಆರು. ಹದಿಮೂರಕ್ಕೆ ಆರು ಕೂಡಿಸಿ ಹತ್ತೊಂಬತ್ತು ಎಂದು ಕಚ್ಚಾ ಪಟ್ಟಿಯಲ್ಲಿ ಬಂತು.

"ಇನ್ನೂ ಆರು ಬೇಕಲ್ಲ. ಎಲ್ಲೈತಿ?"

ಭುವನೇಶ್ವರಿಯ ಕೈ ಬಲಮೂಲೆಯತ್ತ ಹೋಗಿ ಗಾಳಿಯಲ್ಲೇ ನಿಂತಿತು. "ಅಲ್ಲಿ... ಅಲ್ಲಿ ಬರಿಯಾಕ ಬರಂಗಿಲ್ಲ ಟೀಚರ್."

"ಯಾಕ?"

"ಹಂಗ..."

"ಯಾಕ ಬರಂಗಿಲ್ಲ? ಕೊಡು ಇಲ್ಲಿ!" ಹಾಲಸ್ವಾಮಿ ಎದ್ದು ಬಂದು, ಚಾಕ್‌ಪೀಸ್ ಕಸಿದುಕೊಂಡು ಒತ್ತಿದರು. ಅದು ಕಿರ್ರೆಂದು ಜಾರಿ, ಮುರಿದು ಅವರದೇ ಕಿಸೆಗೆ ಬಿತ್ತು. ಕ್ಲಾಸು ಬಾಯಿ ಮುಚ್ಚಿಕೊಂಡು ನಕ್ಕಿತು.

"ಮೇಣ! ಯಾವ ಭಾಡ್ಕೋ ಮಾಡಿದ್ದಿದು?"

ಭುವನೇಶ್ವರಿಯ ಮುಖ ಸುಣ್ಣವಾಯಿತು.

"ಸರ್, ಅದು ನನ್ನ ಪ್ಲಾನಿನಾಗ ಐತ್ರಿ," ಅನುಸೂಯಾ ಹಾಳೆ ಮುಂದೆ ಹಿಡಿದಳು. ಚೌಕದ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿ, ಪಕ್ಕದಲ್ಲಿ ಬರೆದಿತ್ತು: ಇಲ್ಲಿ ಬರೆಯಲು ಬರುವುದಿಲ್ಲ. ಮಕ್ಕಳೇ ತುಂಬಲಿ.

ಹಾಲಸ್ವಾಮಿ ಹಾಳೆ ನೋಡಿದರು, ಬೋರ್ಡ್ ನೋಡಿದರು, ಮೇಡಂ ಮುಖ ನೋಡಿದರು. ಕಿಸೆಯಿಂದ ಚಾಕ್‌ಪೀಸಿನ ತುಂಡು ತೆಗೆದು ಮೇಜಿನ ಮೇಲಿಟ್ಟು, ಹಿಂದೆ ಹೋಗಿ ಕೂತರು.

"ತುಂಬವ್ವಾ," ಎಂದಳು ಅನುಸೂಯಾ ಮೆತ್ತಗೆ.

ಭುವನೇಶ್ವರಿ ಓಡಿ ಹೋಗಿ ತನ್ನ ಕಂಪಾಸ್ ಡಬ್ಬಿ ತಂದು ಆ ಜಾಗಕ್ಕೆ ಒತ್ತಿ ಹಿಡಿದಳು. "ಇದು ab ಟೀಚರ್!"

"ಶಾಣ್ಯಾಕಿ. ಹಿಡ್ಕಂಡೇ ಇರು."

ಅನುಸೂಯಾ ಬಲಕ್ಕೆ ಹಂತಗಳನ್ನು ಒಂದೊಂದಾಗಿ, ಎಲ್ಲರೂ ಬರೆದುಕೊಳ್ಳುವವರೆಗೆ ಕಾದು ಬರೆದಳು. a² + ab + ab + b². ಆಮೇಲೆ a² + 2ab + b². ಕೈ ಸೋತು ಭುವನೇಶ್ವರಿ ಡಬ್ಬಿ ಇಳಿಸಿದಾಗಲೆಲ್ಲ ಕ್ಲಾಸು "ಆರು ಕಮ್ಮಿ! ಆರು ಕಮ್ಮಿ!" ಎಂದು ಕೂಗಿತು. ಅವಳು ಹಲ್ಲು ಕಚ್ಚಿ ಮತ್ತೆ ಎತ್ತಿದಳು. ಗಂಟೆ ಹೊಡೆದಾಗ ಎಡದ ತಪ್ಪು ಊಹೆಯಿಂದ ಬಲದ ಉತ್ತರದವರೆಗೆ ಇಡೀ ಪಾಠ ಬೋರ್ಡಿನ ಮೇಲೆ ಹಾಗೇ ಇತ್ತು.

ಹಾಲಸ್ವಾಮಿ ಬಾಗಿಲಲ್ಲಿ ನಿಂತರು. "ಮೇಡಮ್ಮಾರೆ, ಬ್ಯಾರೆಯವರನ್ನ ಹುಡುಕಂಗಿಲ್ಲ ಬಿಡ್ರಿ. ಆದ್ರ ಮುಂದಿನ ಪ್ಲಾನು ನನಗ ಮೊದಲ ತೋರಸ್ರಿ. ನನ್ನ ಅಂಗಿ ಕಿಸ್ಯಾಗ ಏನೇನು ಬೀಳ್ತದೋ ಗೊತ್ತಾಗ್ಲಿ."

ಮುಂದಿನ ಶನಿವಾರ ಭುವನೇಶ್ವರಿ ಯಾರೂ ಹೇಳದೆಯೇ ಸೀಮೆಎಣ್ಣೆಯ ಬಟ್ಟೆ ಹಿಡಿದು ಮೇಣ ಒರೆಸಿದಳು. ಇದ್ದಿಲು, ತೊಂಡೆ ಎಲೆ ಹಾಕಿ ಮೂಲೆ ಮೂಲೆ ತಿಕ್ಕಿದಳು. ಕೈಯೆಲ್ಲ ಕಪ್ಪು ಮಾಡಿಕೊಂಡು ಅನುಸೂಯಾಳ ಮೇಜಿನ ಬಳಿ ಬಂದು, ದನಿ ತಗ್ಗಿಸಿದಳು.

"ಟೀಚರ್, ಸೋಮವಾರ a − b ಐತಲ್ರೀ. ಇನ್ನೊಂದು ಮೇಣದಬತ್ತಿ ಉಳದೈತಿ. ಎಲ್ಲಿ ಹಚ್ಚಲಿ?"