ತಲೆಯದ್ದಲ್ಲದ ತಲೆನೋವು

ಆ ಶಾಲೆಯಲ್ಲಿ ಹೆಡ್‌ಮೇಡಂಗೆ ತಲೆನೋವು ಬಂದರೆ ಅದು ಅವರ ಸ್ವಂತ ವಿಷಯವಾಗಿ ಉಳಿಯುತ್ತಿರಲಿಲ್ಲ. ಮುನ್ನೂರ ಎಂಬತ್ತು ಮಕ್ಕಳು, ಹದಿನಾಲ್ಕು ಮಂದಿ ಟೀಚರುಗಳು, ಒಬ್ಬ ಜವಾನ, ಎಲ್ಲರೂ ಅದರಲ್ಲಿ ತಮ್ಮ ತಮ್ಮ ಪಾಲನ್ನು ಹೊರಬೇಕಿತ್ತು.

ಈ ಸಲದ್ದು ಬಲ ಕಣತಲೆಯಲ್ಲಿ ಕೂತಿತ್ತು. ಬೆಳಿಗ್ಗೆ ಮಂದವಾಗಿ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಯಾರೋ ಒಳಗಿನಿಂದ ಮೊಳೆ ಹೊಡೆಯುತ್ತಿರುವಂತೆ ಬಡಿಯುತ್ತಿತ್ತು. ಮಲಗಿದರೆ ಇನ್ನೂ ಜಾಸ್ತಿ. ಎರಡು ದಿನ ಸಹಿಸಿದ ಹೆಡ್‌ಮೇಡಂ ಮೂರನೆಯ ದಿನ ಅಪರಾಧಿಯನ್ನು ಹುಡುಕಲು ಹೊರಟರು. ಮೊದಲು ಕೈಗೆ ಸಿಕ್ಕಿದ್ದು ಗಂಟೆ.

ಹಿತ್ತಾಳೆ ಗಂಟೆಗೆ ಬಟ್ಟೆ ಸುತ್ತಿ ಬೀರುವಿನಲ್ಲಿಡಲಾಯಿತು. ಪೀರಿಯಡ್ ಮುಗಿದಾಗ ಜವಾನ ಕೆಂಪು ಬಟ್ಟೆ ಹಿಡಿದು ವರಾಂಡದಲ್ಲಿ ನಡೆಯಬೇಕೆಂದು ಸುತ್ತೋಲೆ ಬಂತು. ಜವಾನನ ಮಂಡಿ ಅಷ್ಟು ಚುರುಕಾಗಿರಲಿಲ್ಲ. ಅವನು ಆ ತುದಿ ಮುಟ್ಟುವಷ್ಟರಲ್ಲಿ ಐದನೇ ತರಗತಿಯವರು ಒಂದೂವರೆ ಗಂಟೆ ಭಾಗಾಕಾರ ಮಾಡಿ ಕಣ್ಣು ಕಣ್ಣು ಬಿಡುತ್ತಿದ್ದರು.

ತಲೆನೋವು ಹೋಗಲಿಲ್ಲ. ಎರಡನೆಯ ವಾರ ಸರದಿ ಸಂಗೀತದ ಮೇಷ್ಟ್ರದ್ದು. ಅವರು ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಅವರ ಕೋಣೆ ಹೆಡ್‌ಮೇಡಂ ಕೋಣೆಯ ಪಕ್ಕದಲ್ಲಿತ್ತು, ಅದೇ ಅವರು ಮಾಡಿದ ತಪ್ಪು. ಹಾರ್ಮೋನಿಯಂ, ಚಾಪೆ, ಮಕ್ಕಳ ಸಮೇತ ಅವರನ್ನು ಸೈಕಲ್ ಶೆಡ್ಡಿಗೆ ಸಾಗಿಸಲಾಯಿತು. "ತಾತ್ಕಾಲಿಕ" ಎಂದು ಆದೇಶದಲ್ಲಿತ್ತು. ಆ ಶಾಲೆಯಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಒಂದು ಗೋಡೆಗೆ ಹನ್ನೊಂದು ವರ್ಷವಾಗಿತ್ತು.

ಸ್ಟಾಫ್ ರೂಮಿನಲ್ಲಿ ಬೇರೆ ಕೆಲಸ ನಿಂತೇ ಹೋಯಿತು.

"ಮೇಡಂ, ಇದು ಖಂಡಿತ ಕಣ್ಣಿಂದು," ಎಂದರು ವಿಜ್ಞಾನದ ಮೇಷ್ಟ್ರು. "ನಮ್ಮ ಷಡ್ಡಕರಿಗೂ ಹೀಗೇ ಆಗಿತ್ತು."

"ಕಣ್ಣಲ್ಲ, ಕುತ್ತಿಗೆ," ಎಂದರು ಡ್ರಿಲ್ ಮೇಷ್ಟ್ರು. ಜಗತ್ತಿನ ಎಲ್ಲ ಕಾಯಿಲೆಯೂ ಕುತ್ತಿಗೆ ತಿರುಗಿಸದೇ ಇರುವುದರಿಂದ ಬರುತ್ತದೆ ಎಂಬುದು ಅವರ ನಂಬಿಕೆ.

ಹೆಡ್‌ಮೇಡಂ ಇಬ್ಬರ ಮಾತನ್ನೂ ಕೇಳಿದರು. ಹೊಸ ಕನ್ನಡಕ ಬಂತು. ಅದರಲ್ಲಿ ತಲೆನೋವು ಇನ್ನೂ ಸ್ಪಷ್ಟವಾಯಿತು. ದಿನಾ ಬೆಳಿಗ್ಗೆ ಕಿಟಕಿ ಮುಚ್ಚಿಕೊಂಡು ಕುತ್ತಿಗೆ ತಿರುಗಿಸಿದರು. ಒಬ್ಬ ಡಾಕ್ಟರ ಹತ್ತಿರವೂ ಹೋದರು. ಬಿಪಿ ಸರಿಯಿತ್ತು, ಜ್ವರವಿರಲಿಲ್ಲ, ಕೈಕಾಲು ನೆಟ್ಟಗಿದ್ದವು. ಮೈಗ್ರೇನ್ ಇರಬಹುದು, ಒಂದು ವಾರ ಮಾತ್ರೆ ತಗೊಂಡು ಮತ್ತೆ ಬನ್ನಿ ಎಂದರು. ಮಾತ್ರೆ ನುಂಗಿದರೆ ನಾಲ್ಕು ಗಂಟೆ ಆರಾಮ, ಆಮೇಲೆ ಮತ್ತೆ ಮೊಳೆ. ಆ ನಾಲ್ಕು ಗಂಟೆಯ ಆರಾಮದ ಕೀರ್ತಿ ಕನ್ನಡಕದ್ದು ಎಂದರು ವಿಜ್ಞಾನದವರು, ಕುತ್ತಿಗೆ ತಿರುಗಿಸಿದ್ದರದ್ದು ಎಂದರು ಡ್ರಿಲ್‌ನವರು. ಮಾತ್ರೆಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗಲು ಹೆಡ್‌ಮೇಡಂಗೆ ಪುರುಸೊತ್ತೂ ಇರಲಿಲ್ಲ.

ಸರಿಯಾದ ಮಾತು ಆಡಿದವರು ಒಬ್ಬರೇ, ಮನೆಯಲ್ಲಿದ್ದ ಅತ್ತೆ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ, "ಯಾಕೋ ನಿನ್ನ ಬಾಯಿ ವಾಸನೆ ಬರ್ತಿದೆ ಕಣಮ್ಮ. ಹಲ್ಲಿನ ಡಾಕ್ಟ್ರಿಗೆ ಒಂದ್ಸಲ ತೋರಿಸು," ಎಂದಿದ್ದರು.

ಇಪ್ಪತ್ತಾರು ವರ್ಷ ಸೊಸೆಯಾಗಿದ್ದವರಿಗೆ ಅದು ರೋಗದ ಲಕ್ಷಣವಾಗಿ ಕೇಳಿಸುವುದುಂಟೇ? ಕುಟುಕಿದ್ದಾಗಿಯೇ ಕೇಳಿಸಿತು. ಹೆಡ್‌ಮೇಡಂ ಆ ದಿನವೆಲ್ಲ ಮನೆಯಲ್ಲಿ ಬಾಯಿಯನ್ನೇ ತೆರೆಯಲಿಲ್ಲ.

ಮೂರನೆಯ ವಾರ ಶಾಲೆಗೆ ದಂತ ತಪಾಸಣಾ ಶಿಬಿರ ಬಂತು. ಸಭಾಂಗಣದಲ್ಲಿ ಒಂದು ಒರಗು ಕುರ್ಚಿ, ಒಂದು ಟಾರ್ಚು, ಟ್ರೇ ತುಂಬ ಪುಟ್ಟ ಕನ್ನಡಿಗಳು. ಡಾಕ್ಟರು ಕುಳ್ಳಗಿನ ಹೆಂಗಸು, ಮೆಲುದನಿ. ಒಂದನೇ ತರಗತಿಯ ಮಕ್ಕಳು ಆ ಕುರ್ಚಿಯನ್ನು ನೋಡಿದ್ದೇ ತಡ, ಗೋಡೆಗೆ ಅಂಟಿಕೊಂಡರು. ಒಬ್ಬಳು ಆಗಲೇ ಅಳಲು ಶುರುಮಾಡಿದ್ದಳು.

"ಮೇಡಂ, ನೀವೇ ಮೊದಲು ಕೂತು ತೋರಿಸಿಬಿಟ್ರೆ ಮಕ್ಕಳಿಗೆ ಧೈರ್ಯ ಬರುತ್ತೆ," ಎಂದರು ವಿಜ್ಞಾನದ ಮೇಷ್ಟ್ರು. ಮುಂದಾಗುವುದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಹೆಡ್‌ಮೇಡಂ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತರು. ಅವರ ಲೆಕ್ಕದಲ್ಲಿ ಇದು ಬಾಯಿ ತೆರೆದು ಮುಚ್ಚುವುದು, ಮಕ್ಕಳು ಚಪ್ಪಾಳೆ ತಟ್ಟುವುದು, ಇಷ್ಟೇ. "ನೋಡಿ ಮಕ್ಕಳೇ, ಒಂದು ಚೂರೂ ನೋಯಲ್ಲ," ಎಂದು ಬಾಯಿ ತೆರೆದರು.

ಡಾಕ್ಟರಿಗೆ ಬಾಯಿ ತೆರೆದವರನ್ನು ಉತ್ಸವಮೂರ್ತಿಯಂತೆ ನೋಡಿ ಕಳಿಸುವ ಅಭ್ಯಾಸವಿರಲಿಲ್ಲ. ಟಾರ್ಚು ಹಿಡಿದು ನಿಧಾನವಾಗಿ ನೋಡಿದರು. ಬಲಗಡೆ ಮೇಲಿನ ದವಡೆಯಲ್ಲಿ ಕೈ ನಿಂತಿತು. ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತಾ ಬಂದರು. ಟಿಕ್. ಟಿಕ್. ಟಿಕ್.

ನಾಲ್ಕನೆಯದಕ್ಕೆ ಹೆಡ್‌ಮೇಡಂ ಕಿರುಚಿದ ದನಿ ಸೈಕಲ್ ಶೆಡ್ಡಿನವರೆಗೂ ಹೋಯಿತು. ಒಂದನೇ ತರಗತಿ ಚೆಲ್ಲಾಪಿಲ್ಲಿಯಾಯಿತು. ಇಬ್ಬರು ಮಕ್ಕಳು ಗೇಟಿನ ಬಳಿ ಸಿಕ್ಕರು. ಅಳುತ್ತಿದ್ದವಳು ಮಾತ್ರ ಅಳು ನಿಲ್ಲಿಸಿ, ಕುತೂಹಲದಿಂದ ಹತ್ತಿರ ಬಂದು ನಿಂತಿದ್ದಳು.

"ಎಷ್ಟು ದಿನದಿಂದ ನೋವು?" ಡಾಕ್ಟರು ಕೇಳಿದರು.

"ನಂಗೆ ಹಲ್ಲು ನೋವೇ ಇಲ್ಲ," ಎಂದರು ಹೆಡ್‌ಮೇಡಂ, ಕಣ್ಣೀರು ಒರೆಸಿಕೊಳ್ಳುತ್ತಾ. "ಇರೋದು ತಲೆನೋವು."

"ಈ ಕಡೆದೇನಾ? ಕಣತಲೆ ಹತ್ರ?"

ಹೆಡ್‌ಮೇಡಂ ಕೈ ತಾನಾಗಿ ಬಲ ಕಣತಲೆಗೆ ಹೋಯಿತು.

"ಯಾವ ಕಡೆ ಅಗೀತೀರಿ?"

"ಎರಡೂ ಕಡೆ," ಎನ್ನಹೋಗಿ ನಿಂತರು. ಹಿಂದಿನ ದಿನ ಬಿಸ್ಕತ್ತು ತಿಂದದ್ದು ನೆನಪಾಯಿತು. ಅದಕ್ಕೂ ಹಿಂದಿನ ದಿನ ಊಟ. ಎಷ್ಟು ನೆನಪು ಮಾಡಿಕೊಂಡರೂ ಎಡಗಡೆಯೇ.

ಮಧ್ಯಾಹ್ನ ಆ ಡಾಕ್ಟರ ಕ್ಲಿನಿಕ್ಕಿಗೆ ಹೋದಾಗಲೂ ಅವರು ಸೋತಿರಲಿಲ್ಲ. "ಹಲ್ಲು ಇರೋದು ಇಲ್ಲಿ, ನೋವು ಅಲ್ಲಿ. ಮಧ್ಯೆ ಇಡೀ ಕೆನ್ನೆ ಇದೆ," ಎಂದು ಬೆರಳಿಟ್ಟು ತೋರಿಸಿದರು.

"ಎರಡೂ ಕಡೆ ಸುದ್ದಿ ಹೊತ್ಕೊಂಡು ಹೋಗೋದು ಒಂದೇ ನರದ ಕವಲುಗಳು ಮೇಡಂ," ಎಂದರು ಡಾಕ್ಟರು. "ಮೇಲೆ ಹೋಗ್ತಾ ಅವು ಒಂದೇ ಕಡೆ ಸೇರ್ತವೆ. ಹಿಂದಿನ ಬೆಂಚಲ್ಲಿ ಯಾರೋ ಕೂಗಿದ್ರೆ ಪಕ್ಕದವನಿಗೆ ಏಟು ಬೀಳಲ್ವಾ? ಮಿದುಳೂ ಹಾಗೇ ತಪ್ಪು ಮಾಡುತ್ತೆ. ಆದ್ರೆ ಎಲ್ಲ ತಲೆನೋವೂ ಹಲ್ಲಿಂದೇ ಬರಲ್ಲ. ನಿಮ್ದು ಹೌದೋ ಅಲ್ವೋ, ನೋಡಿಯೇ ಹೇಳ್ತೀನಿ."

ತುಂಬ ತಣ್ಣಗಿನ ಹತ್ತಿಯುಂಡೆಯನ್ನು ಒಂದೊಂದು ಹಲ್ಲಿಗೂ ಮುಟ್ಟಿಸಿದರು. ಅಕ್ಕಪಕ್ಕದ ಹಲ್ಲುಗಳು ಜುಮ್ಮೆಂದವು. ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇದ್ದ ಆ ದವಡೆ ಹಲ್ಲು ಮಾತ್ರ ತಣ್ಣಗೆ ಕೂತಿತ್ತು.

"ಇದಕ್ಕೆ ಗೊತ್ತೇ ಆಗ್ಲಿಲ್ಲ. ಹಾಗಿದ್ರೆ ಇದು ಆರೋಗ್ಯವಾಗಿದೆ ಅಂತ ತಾನೆ?" ಎಂದರು ಹೆಡ್‌ಮೇಡಂ.

"ಒಳಗಿನ ನರ ಸತ್ತುಹೋಗಿದೆ ಅಂತ. ಅದಕ್ಕೇ ನಿಮಗೆ ಹಲ್ಲು ನೋವು ಅನ್ನಿಸ್ಲಿಲ್ಲ. ಸತ್ತದ್ದು ಕೊಳೆತು ಬೇರಿನ ತುದಿಯಿಂದ ಆಚೆ ಹೋಗಿ ಮೂಳೇಲಿ ಕೀವು ಕಟ್ಟಿದೆ. ತಟ್ಟಿದಾಗ ನೋಯೋದು ಅದು."

ಹಲ್ಲಿನ ಮೇಲೆ, ವಸಡಿನಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಯಿತ್ತು. ಡಾಕ್ಟರು ಅದನ್ನು ಬೆರಳಿನಿಂದ ಒತ್ತಿದಾಗ ಬಾಯಿ ತುಂಬ ಹೊಲಸು ರುಚಿ ಹರಡಿತು. ಹೆಡ್‌ಮೇಡಂಗೆ ತಟ್ಟನೆ ಅತ್ತೆಯ ಕಾಫಿ ಲೋಟ ನೆನಪಾಗಿ, ಉಗುಳುವ ನೆಪದಲ್ಲಿ ಮುಖ ತಿರುಗಿಸಿಕೊಂಡರು. ಎಕ್ಸ್-ರೇಯಲ್ಲಿ ಆ ಹಲ್ಲಿನ ಬೇರಿನ ತುದಿಗೆ ಒಂದು ಕಪ್ಪು ಮಚ್ಚೆ ಅಂಟಿಕೊಂಡಿತ್ತು.

"ಮಚ್ಚೆ ಇದೆ, ಒಪ್ತೀನಿ," ಎಂದರು ಹೆಡ್‌ಮೇಡಂ. "ಆದ್ರೆ ತಲೆನೋವು ಅದ್ರಿಂದಲೇ ಅಂತ ಏನು ಗ್ಯಾರಂಟಿ?"

ಬಹುಶಃ ಮೂರು ವಾರದಲ್ಲಿ ಅವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಗಂಟೆಯನ್ನು ಬೀರುವಿಗೆ ಹಾಕುವಾಗ ಕೇಳಿಕೊಂಡಿರಲಿಲ್ಲ.

"ಅದನ್ನ ಈಗ ನೋಡ್ಬಿಡೋಣ," ಎಂದರು ಡಾಕ್ಟರು. "ಈ ಒಂದು ಹಲ್ಲಿನ ಸುತ್ತ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಡ್ತೀನಿ. ಹತ್ತು ನಿಮಿಷದಲ್ಲಿ ತಲೆನೋವು ಹೋದ್ರೆ ಕಳ್ಳ ಇಲ್ಲೇ ಇದಾನೆ. ಹಲ್ಲು ಪೂರ್ತಿ ಮರಗಟ್ಟಿಯೂ ತಲೆನೋವು ಹಾಗೇ ಇದ್ರೆ, ಅದಕ್ಕೆ ಕಾರಣ ಬೇರೆ. ಹಲ್ಲಿನ ಕೀವಿಗೆ ಚಿಕಿತ್ಸೆ ಮಾಡ್ತೀನಿ, ತಲೆಗೆ ನಿಮ್ಮ ಡಾಕ್ಟ್ರಿಗೇ ಕಾಗದ ಬರೀತೀನಿ. ಮಾತ್ರೆ ನುಂಗಿದೀರಾ ಇವತ್ತು?"

"ಬೆಳಿಗ್ಗೆಯಿಂದ ಇಲ್ಲ."

"ಒಳ್ಳೇದಾಯ್ತು. ಈಗ ನೋವಿದೆ ತಾನೆ?"

"ಇದೆಯಾ ಅಂತ ಕೇಳ್ತೀರಲ್ಲ!"

ಸೂಜಿ ಚುಚ್ಚಿತು. ಕೆನ್ನೆ ದಪ್ಪಗಾಯಿತು, ತುಟಿಯ ಅಂಚು ಯಾರದೋ ತುಟಿಯಂತಾಯಿತು. ಗೋಡೆ ಗಡಿಯಾರ ನಡೆಯುತ್ತಿತ್ತು. ಹೆಡ್‌ಮೇಡಂ ಹುಬ್ಬು ಗಂಟಿಕ್ಕಿಕೊಂಡು ತಮ್ಮ ತಲೆನೋವನ್ನೇ ಕಾಯುತ್ತಾ ಕೂತರು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನನ್ನು ಕಾಯುವ ಹಾಗೆ. ಮೂರು ನಿಮಿಷ, ಇತ್ತು. ಐದು ನಿಮಿಷ, ಇತ್ತೇ? ಬಲ ಕಣತಲೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡರು. ಎಂಟನೆಯ ನಿಮಿಷದಲ್ಲಿ ಅವರ ಭುಜಗಳು ತಾವಾಗಿ ಕೆಳಗಿಳಿದವು. ಭುಜ ಅಷ್ಟು ಮೇಲೆ ಹೋಗಿತ್ತೆಂಬುದೇ ಅವರಿಗೆ ತಿಳಿದಿರಲಿಲ್ಲ.

"ಹೋಯ್ತು," ಎಂದರು. ಮರುಕ್ಷಣವೇ ಚೇತರಿಸಿಕೊಂಡು, "ಇಂಜೆಕ್ಷನ್ನಿನ ಮಂಪರು ಇರ್ಬೇಕು," ಎಂದರು.

"ನಾನು ಮರಗಟ್ಟಿಸಿದ್ದು ಹಲ್ಲನ್ನ ಮೇಡಂ, ತಲೇನಲ್ಲ. ಇನ್ನೆರಡು ಗಂಟೇಲಿ ಇದು ಇಳಿದು ನೋವು ವಾಪಸ್ ಬರುತ್ತೆ. ಅಷ್ಟರೊಳಗೆ ಕೆಲಸ ಮುಗಿಸೋಣ."

ಹಳೆಯ ಫಿಲ್ಲಿಂಗ್ ತೆಗೆದು ಹಲ್ಲಿನ ಒಳಕ್ಕೆ ದಾರಿ ಮಾಡಿದಾಗ ಬಂದ ವಾಸನೆಗೆ ಸಹಾಯಕಿ ಕಿಟಕಿ ತೆರೆದಳು. ಕೀವು ಹರಿಯಿತು. ಬೇರಿನ ಕೊಳವೆಗಳನ್ನು ತೊಳೆದು, ಔಷಧಿಯಿಟ್ಟು, ತಾತ್ಕಾಲಿಕವಾಗಿ ಮುಚ್ಚಿದರು. ತಾತ್ಕಾಲಿಕ ಎಂದರೆ ಅಲ್ಲಿ ಹತ್ತೇ ದಿನ. ಇದನ್ನೆಲ್ಲ ಬಿಟ್ಟು ಒಂದು ಕೋರ್ಸ್ ಮಾತ್ರೆ ಕೊಟ್ಟರೆ ಸಾಲದೇ ಎಂದು ಹೆಡ್‌ಮೇಡಂ ಕೇಳಿದರು. ಒಳಗಿನ ಕೊಳಕು ತೆಗೆಯದೆ ಮಾತ್ರೆ ನುಂಗಿದರೆ ಕೀವು ಕೆಲವು ದಿನ ಅಡಗುತ್ತದೆ, ಹೋಗುವುದಿಲ್ಲ ಎಂದರು ಡಾಕ್ಟರು. ಜ್ವರ ಬಂದರೆ, ಮುಖ ಊದಿದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಒಂದು ಗಂಟೆಯೂ ಕಾಯದೆ ಬರಬೇಕೆಂದು ಎರಡು ಸಲ ಹೇಳಿದರು.

ನಾಲ್ಕನೆಯ ದಿನದ ಹೊತ್ತಿಗೆ ಕಣತಲೆ ಖಾಲಿಯಾಗಿತ್ತು. ಸುತ್ತೋಲೆ ಹೊರಟಿತು: "ಹವಾಮಾನದಲ್ಲಿ ಸುಧಾರಣೆ ಕಂಡುಬಂದಿರುವುದರಿಂದ ಗಂಟೆಯನ್ನು ಎಂದಿನಂತೆ ಬಾರಿಸತಕ್ಕದ್ದು." ಹವಾಮಾನ ಹೇಗಿತ್ತೋ ಹಾಗೆಯೇ ಇತ್ತು, ಯಾರೂ ಆಕಾಶ ನೋಡಲಿಲ್ಲ.

ಸೈಕಲ್ ಶೆಡ್ಡಿಗೆ ಮಾತ್ರ ಸುತ್ತೋಲೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ತಾವೇ ಹೋದರು. ಬಿಸಿಲಿಗೆ ತಗಡು ಕಾದಿತ್ತು. ಸಂಗೀತದ ಮೇಷ್ಟ್ರು ಸೈಕಲ್ಲುಗಳ ನಡುವೆ ಮಕ್ಕಳಿಗೆ ಸ್ವರ ಹೇಳಿಕೊಡುತ್ತಿದ್ದರು. ಕಂಡ ಕೂಡಲೇ ಎದ್ದು ನಿಂತು ಹಾರ್ಮೋನಿಯಂ ಮುಚ್ಚಿದರು.

"ಕ್ಷಮಿಸಿ ಮೇಡಂ, ಜೋರಾಯ್ತಾ?"

ಮೊದಲೇ ಯೋಚಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹೆಡ್‌ಮೇಡಂ ತಲೆಯಿಂದ ಹಾರಿಹೋದವು. "ಇಲ್ಲ ಮೇಷ್ಟ್ರೇ," ಎಂದರು. "ನಿಮ್ದೇನೂ ತಪ್ಪಿರ್ಲಿಲ್ಲ. ನನ್ನ ಹಲ್ಲಿಂದು." ಬಗ್ಗಿ ಹಾರ್ಮೋನಿಯಂನ ಒಂದು ಕಡೆ ಹಿಡಿದರು. ಮೇಷ್ಟ್ರು ಗಾಬರಿಯಿಂದ ಇನ್ನೊಂದು ಕಡೆ ಹಿಡಿದರು. ಮಕ್ಕಳು ಚಾಪೆ ಹೊತ್ತು ಹಿಂದೆ ಬಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸತ್ಯ ಕಂಡುಕೊಂಡವರು ಅದನ್ನು ಹಂಚದೆ ಬಿಡುತ್ತಾರೆಯೇ? ಆ ತಿಂಗಳು ರಜೆ ಕೇಳಿ ಬಂದ ಪ್ರತಿಯೊಬ್ಬರಿಗೂ ಹೆಡ್‌ಮೇಡಂ, "ಎಲ್ಲಿ, ಬಾಯಿ ತೆಗೀರಿ," ಎನ್ನತೊಡಗಿದರು. ನೆಗಡಿಯಾದ ಗಣಿತದ ಟೀಚರ್ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದರು. ಗಂಟಲು ಕಟ್ಟಿದ ಗುಮಾಸ್ತರೂ ಹೋದರು. ಕೊನೆಗೆ ಆಟದ ಮೈದಾನದಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡ ಡ್ರಿಲ್ ಮೇಷ್ಟ್ರನ್ನೂ ಚೀಟಿ ಕೊಟ್ಟು ಕಳಿಸಿದರು.

ಡಾಕ್ಟರು ಅವರ ಹಲ್ಲನ್ನೂ ಬಿಡದೆ ನೋಡಿ, ಚೀಟಿಯ ಹಿಂದೆಯೇ ಉತ್ತರ ಬರೆದುಕೊಟ್ಟರು: "ಹಲ್ಲು ಚೆನ್ನಾಗಿವೆ. ಮೊಣಕಾಲಿನ ನರಕ್ಕೂ ಹಲ್ಲಿನ ನರಕ್ಕೂ ಪರಿಚಯವಿಲ್ಲ. ದಯವಿಟ್ಟು ಇವರನ್ನು ಇವತ್ತೇ ಮೂಳೆ ಡಾಕ್ಟರ ಹತ್ತಿರ ಕಳಿಸಿ."

ಹೆಡ್‌ಮೇಡಂ ಅದನ್ನು ಎರಡು ಸಲ ಓದಿ, ಜವಾನನನ್ನು ಕರೆದು ಆಟೋ ತರಿಸಿದರು. ಹತ್ತುವಾಗ ನೋವಿಗೆ ಮುಖ ಕಿವಿಚಿಕೊಂಡ ಡ್ರಿಲ್ ಮೇಷ್ಟ್ರು, "ನಂಗೇನೋ ಇದು ಕುತ್ತಿಗೆಯಿಂದಲೇ ಅನ್ಸುತ್ತೆ ಮೇಡಂ," ಎಂದರು.