ಅರಗಿನ ಎರಡು ತುದಿ

ವರ್ಗಾವಣೆಯ ಪಟ್ಟಿಯಲ್ಲಿ ತನ್ನ ಹೆಸರು ಕಂಡ ದಿನ ಶ್ರಾಬೊಣಿ ಹಾಲ್ದಾರ್ ನೇರವಾಗಿ ದೀಪಂಕರದಾ ಅವರ ಮೇಜಿಗೆ ಹೋದಳು. ಕೋಲ್ಕತ್ತದ ಆ ಬ್ಯಾಂಕಿನ ರಫ್ತು ವಿಭಾಗಕ್ಕೆ ಅವರೇ ಮುಖ್ಯಸ್ಥರು. ಮೂರು ವರ್ಷದಿಂದ ಅವರ ಕೈಕೆಳಗೆ ಅವಳು ರಫ್ತುದಾರರ ದಾಖಲೆಗಳನ್ನು ಪರಿಶೀಲಿಸಿ ಹೊರದೇಶದ ಬ್ಯಾಂಕುಗಳಿಗೆ ಕಳಿಸುವ ಕೆಲಸ ಕಲಿಯುತ್ತಿದ್ದಳು. ಕಲಿತಷ್ಟೂ ಇನ್ನೂ ಇದೆ ಎನ್ನಿಸುವ ಕೆಲಸ.

"ಖೂಂಟಿ ಹತ್ತಿರದ ಸೋನ್‌ಟೋಲಿಯಂತೆ ದಾದಾ. ಹಳ್ಳಿ ಶಾಖೆ, ಮ್ಯಾನೇಜರ್ ಕುರ್ಚಿ. ಅಲ್ಲಿ ವಿದೇಶಿ ನೋಟನ್ನ ಯಾರೂ ಕಣ್ಣಲ್ಲೂ ನೋಡಿರಲ್ಲ. ನೀವು ಮೇಲಿನವರಿಗೆ ಒಂದು ಮಾತು ಹೇಳಿ."

"ಹೇಳಿದ್ರೆ ಒಂದು ವರ್ಷ ತಡೀಬಹುದು. ಆಮೇಲೆ? ಹಳ್ಳಿ ಸೇವೆ ಮಾಡದೆ ನಿಂಗೆ ಬಡ್ತಿ ಬರಲ್ಲ. ಇವತ್ತಲ್ಲ ನಾಳೆ ಹೋಗಲೇಬೇಕು."

"ಕಲಿತಿದ್ದೆಲ್ಲ ತುಕ್ಕು ಹಿಡಿಯುತ್ತೆ."

ಅವರು ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. "ಖೂಂಟಿ ಅಂದ್ರೆ ಅರಗಿನ ಸೀಮೆ ಕಣೇ. ನಿನ್ನನ್ನ ಅರಗಿನ ಮನೆಗೇ ಕಳಿಸ್ತಿದ್ದಾರೆ. ಜರ್ಮನಿಗೆ ಹೋಗೋ ಅರಗಿನ ಬಿಲ್ಲು ಎಷ್ಟು ನೋಡಿದ್ದೀ, ಅರಗು ಹೇಗಿರುತ್ತೆ ನೋಡಿದ್ದೀಯಾ?"

ಅವಳು ನೋಡಿರಲಿಲ್ಲ. ಆದರೂ ಆ ಹೊತ್ತಿಗೆ ಮಾತು ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಬ್ಯಾಂಕಿಗೆ ರಜೆ ಇರುವ ಶನಿವಾರಗಳಂದು ಅವರು ಫೋನ್ ಮಾಡಿ ರಫ್ತಿನ ನಿಯಮದ ಪ್ರಶ್ನೆ ಕೇಳುವುದು, ಅವಳು ಪುಸ್ತಕ ತೆರೆಯದೆ ಉತ್ತರಿಸುವುದು.

ಸೋನ್‌ಟೋಲಿಯ ಶಾಖೆ ಬೆಳಿಗ್ಗೆಯಿಂದಲೇ ತುಂಬಿರುತ್ತಿತ್ತು. ಪಿಂಚಣಿ, ಆಧಾರ್ ಜೋಡಣೆ, ತಾಳೆಯಾಗದ ಬೆರಳಚ್ಚು, ಕೈಕೊಡುವ ಇಂಟರ್ನೆಟ್. ಸಂಜೆಗೆ ಪುಸ್ತಕ ಹಿಡಿದರೆ ಅಕ್ಷರಗಳು ತೂಕಡಿಸುತ್ತಿದ್ದವು. ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಶನಿವಾರ ದೀಪಂಕರದಾ ಸುಲಭದ್ದನ್ನೇ ಕೇಳಿದರು.

"ದಾಖಲೆ ಕೈಗೆ ಬಂದ ಮೇಲೆ ಪರೀಕ್ಷೆ ಮಾಡೋಕೆ ಬ್ಯಾಂಕಿಗೆ ಎಷ್ಟು ದಿನ?"

"ಏಳು."

ಏಳು ಎಂಬುದು ಹಳೆಯ ನಿಯಮ. ಈಗ ಐದೇ ಕೆಲಸದ ದಿನ. ಒಂದು ಕಾಲಕ್ಕೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಅವಳು ಸರಿಯಾಗಿ ಹೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತಳು. ಇಲ್ಲಿಂದ ಮುಂದಿನ ಊರಿಗೆ, ಅಲ್ಲಿಂದ ಇನ್ನೊಂದಕ್ಕೆ. ಹೋದಲ್ಲೆಲ್ಲ ಅಆಇಈಯಿಂದ ಶುರು, ಎಲ್ಲಿಯೂ ಒಂದು ವಾಕ್ಯ ಮುಗಿಯುವುದಿಲ್ಲ ಎನ್ನಿಸಿತು.

ಆ ಸೋಮವಾರ ಸಲೋಮಿ ಭೇಂಗ್ರಾ ಬಂದಳು. ಮಹಿಳಾ ಸ್ವಸಹಾಯ ಗುಂಪಿನ ಅಧ್ಯಕ್ಷೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ.

"ಮೇಡಂ, ಈ ತಿಂಗಳ ಕಂತು ಆಗಲ್ಲ."

"ಹೋದ ತಿಂಗಳು ಕಟ್ಟಿದ್ರಲ್ಲ ದೀದಿ?"

"ವ್ಯಾಪಾರಿ ಹತ್ರ ತಗೊಂಡು ಕಟ್ಟಿದ್ವಿ. ಅವನಿಗೆ ಬೆಳೆಯಲ್ಲೇ ತೀರಿಸ್ಬೇಕು, ಅವನು ಹೇಳಿದ ದರಕ್ಕೆ."

"ಯಾವ ಬೆಳೆ?"

"ಅರಗು."

ಶ್ರಾಬೊಣಿ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. "ಅದು ಬೆಳೆಯೋದು ಹೇಗೆ?"

ಕಂತಿನ ಬಗ್ಗೆ ಬೈಗುಳ ಕೇಳಲು ಸಿದ್ಧಳಾಗಿ ಬಂದಿದ್ದ ಸಲೋಮಿ ಇವಳ ಮುಖವನ್ನೇ ನೋಡಿದಳು. "ಹೇಳಿದ್ರೆ ತಿಳಿಯಲ್ಲ. ಭಾನುವಾರ ಚರ್ಚ್ ಮುಗಿದ ಮೇಲೆ ಬನ್ನಿ."

ಕುಸುಮ್ ಮರದ ಎಳೆ ರೆಂಬೆಗಳ ಸುತ್ತ ಹುಣ್ಣಿನ ಹಕ್ಕಳೆಯಂತೆ ಏನೋ ಮೆತ್ತಿತ್ತು. ಅದರೊಳಗೆ ಲಕ್ಷಾಂತರ ಹುಳುಗಳು, ಕೂತಲ್ಲೇ ರಸ ಹೀರುತ್ತ, ತಮ್ಮ ಮೇಲೆ ತಾವೇ ಅರಗಿನ ಮಾಡು ಕಟ್ಟಿಕೊಳ್ಳುತ್ತ. ಆಷಾಢದಲ್ಲಿ ತಾಯಿಹುಳು ಮೆತ್ತಿದ ಬೀಜದ ಕಡ್ಡಿಗಳನ್ನು ಕೊಂಡು ತಂದು ರೆಂಬೆಗೆ ಕಟ್ಟಬೇಕು, ಮರಿಗಳು ಹೊರಟು ಹರಡುತ್ತವೆ, ಮಾಘದಲ್ಲಿ ಕೊಯ್ಲು. ಬೀಜಕ್ಕೇ ಎಲ್ಲ ಹಣ ಹೋಗುವುದು. ಸಾಲ ತೆಗೆದದ್ದು ಅದಕ್ಕೇ.

"ಅಂದ್ರೆ ಆಷಾಢದಿಂದ ಮಾಘದ ತನಕ ಒಂದು ಕಾಸೂ ಬರಲ್ಲ."

"ಹುಳಕ್ಕೆ ಹೇಳಿ ಮೇಡಂ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಅರಗು ಕೊಡು ಅಂತ," ಎಂದಳು ಸಲೋಮಿ.

ಜೊತೆಗಿದ್ದ ಹೆಂಗಸರು ನಕ್ಕರು. ಶ್ರಾಬೊಣಿಯೂ ನಕ್ಕಳು. ಆದರೆ ಮನೆಗೆ ನಡೆಯುವಾಗ ಅವಳ ತಲೆಯಲ್ಲಿ ಒಂದು ಹಳೆಯ ಪಾಠ ಮಿಸುಕಾಡುತ್ತಿತ್ತು. ರಫ್ತುದಾರನಿಗೆ ಸರಕು ತಯಾರಿಸಲು ಮುಂಗಡ ಸಾಲ ಕೊಡುವಾಗ ಕೋಲ್ಕತ್ತದಲ್ಲಿ ಮೊದಲು ಕೇಳುತ್ತಿದ್ದುದು ಇದನ್ನೇ: ಸರಕು ಆಗಲು ಎಷ್ಟು ಕಾಲ, ಹಣ ತಿರುಗಿ ಬರುವುದು ಯಾವಾಗ? ಸಾಲದ ಅವಧಿ ಆ ಲೆಕ್ಕಕ್ಕೇ ಹೊಂದಬೇಕು. ಅಲ್ಲಿಯ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮುಂದಿನ ಶನಿವಾರ ಫೋನ್ ಬಂದಾಗ ಅವಳೇ ಮೊದಲು ಶುರುಮಾಡಿದಳು. "ದಾದಾ, ಇವತ್ತು ನಾನು ಕೇಳ್ತೀನಿ. ರೆಂಬೆಯಿಂದ ಕೆರೆದ ಅರಗು ರಫ್ತಿಗೆ ಹೋಗೋ ತೆಳು ಹಾಳೆ ಆಗೋದು ಎಲ್ಲಿ, ಹೇಗೆ?"

"ನಂಗೇನು ಗೊತ್ತು ತಾಯಿ? ನಾನು ಕಂಡಿದ್ದು ಹಡಗಿನ ರಸೀದಿ."

"ಹಾಗಾದ್ರೆ ಬಲರಾಮ್‌ಪುರಕ್ಕೆ ಬನ್ನಿ. ಪುರುಲಿಯಾದ ಪಕ್ಕ, ಅರಗಿನ ಕಾರ್ಖಾನೆಗಳ ಊರು. ನಿಮಗೂ ನಂಗೂ ನಡುದಾರೀಲಿ ಸಿಗುತ್ತೆ."

ಚಳಿ ಹಿಡಿಯುವ ಹೊತ್ತಿಗೆ ಅವರು ನಿಜಕ್ಕೂ ಬಂದರು, ಕೋತಿಟೋಪಿ ಹಾಕಿಕೊಂಡು. ಕಾರ್ಖಾನೆಯೊಂದರಲ್ಲಿ ಅರಗನ್ನು ಕುಟ್ಟಿ, ಜರಡಿ ಹಿಡಿದು, ತೊಳೆದು ಕಾಳು ಮಾಡುತ್ತಿದ್ದರು. ಉದ್ದನೆಯ ಬಟ್ಟೆಚೀಲದಲ್ಲಿ ಅದನ್ನು ತುಂಬಿ ಬೆಂಕಿಯ ಮುಂದೆ ಹಿಂಡಿದರೆ ಜೇನಿನ ಬಣ್ಣದ ಪಾಕ ಇಳಿಯುತ್ತಿತ್ತು. ಒಬ್ಬಾತ ಆ ಬಿಸಿ ತುಂಡನ್ನು ಕೈ, ಕಾಲು, ಹಲ್ಲುಗಳಿಂದ ಹಿಡಿದು ನಾಲ್ಕೂ ಕಡೆ ಎಳೆಯುತ್ತ ಹಿಂದೆ ಬಾಗಿದ. ಆಳೆತ್ತರದ ಹಾಳೆ ಬೆಳಕಿನಲ್ಲಿ ಮಿನುಗಿತು. ದೀಪಂಕರದಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಿವೃತ್ತಿಗೆ ಮುಂಚೆ ನೋಡಿದೆನಲ್ಲ," ಎಂದರು.

ಮರುವರ್ಷದ ಆಷಾಢಕ್ಕೆ ಮುಂಚೆ ಶ್ರಾಬೊಣಿ ಸಲೋಮಿಯ ಗುಂಪಿಗೆ ಕಂತಿನ ಸಾಲದ ಬದಲು ನಗದು ಸಾಲದ ಮಿತಿ ಮಂಜೂರು ಮಾಡಿದಳು. ನಿಯಮದಲ್ಲಿ ಅದಕ್ಕೆ ಮೊದಲಿನಿಂದಲೂ ಅವಕಾಶವಿತ್ತು. ಬೇಕಾದಾಗ ತೆಗೆಯಬಹುದು, ತಿಂಗಳ ಬಡ್ಡಿ ತುಂಬಿದರೆ ಸಾಕು, ಅಸಲು ಕೊಯ್ಲಾದ ಮೇಲೆ. ಬಡ್ಡಿಯನ್ನು ಹೆಂಗಸರು ಕೋಳಿ ಮಾರಿ, ಹುಣಸೆ ಮಾರಿ ಹೊಂದಿಸಿದರು. ಒಮ್ಮೆ ತಡವೂ ಆಯಿತು, ಮೇಲಿನ ಕಚೇರಿಯಿಂದ ಮಾತೂ ಬಂತು. ಆದರೆ ಆ ಮಾಘದಲ್ಲಿ ಹೆಂಗಸರು ವ್ಯಾಪಾರಿಯ ಹಂಗಿಲ್ಲದೆ ಅರಗನ್ನು ಸಂತೆಗೆ ಒಯ್ದು, ದರ ವಿಚಾರಿಸಿ ಮಾರಿದರು.

ಶನಿವಾರದ ಪ್ರಶ್ನೆಗಳು ನಿಲ್ಲಲಿಲ್ಲ. ಈಗ ನಿಯಮಗಳು ಅವಳ ನೆನಪಿನಲ್ಲಿ ಕೂರುತ್ತಿದ್ದವು. ಪ್ರತಿಯೊಂದನ್ನೂ ಯಾವುದಾದರೊಂದು ಸರಕಿಗೆ ಕಟ್ಟಿ ನೋಡುವ ಅಭ್ಯಾಸವಾಗಿತ್ತು. ರಫ್ತು ವಿಭಾಗಗಳಿಗೆ ಅಧಿಕಾರಿಗಳನ್ನು ಆರಿಸುವ ಬ್ಯಾಂಕಿನ ಒಳಪರೀಕ್ಷೆಯನ್ನು ಅವಳು ಬರೆದಳು. ಸಂದರ್ಶನದಲ್ಲಿ ಒಬ್ಬರು ಕೇಳಿದರು: "ಎರಡು ವರ್ಷದಿಂದ ಹಳ್ಳಿಯಲ್ಲಿದ್ದೀರಿ. ರಫ್ತು ಎಲ್ಲಿ, ನೀವೆಲ್ಲಿ?"

"ಸರಕು ಹೊರಡೋ ಜಾಗದಲ್ಲಿದ್ದೆ ಸರ್," ಎಂದು ಶುರುಮಾಡಿ, ಮರದಿಂದ ಹಡಗಿನವರೆಗೆ ಅರಗಿಗೆ ಎಲ್ಲೆಲ್ಲಿ ಎಷ್ಟು ಕಾಲ ಹಿಡಿಯುತ್ತದೆ, ಮುಂಗಡ ಸಾಲ ಯಾವ ಹಂತದಲ್ಲಿ ಬೇಕಾಗುತ್ತದೆ ಎಂದು ಹೇಳಿದಳು. ಅವರು ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದರು. ಎರಡಕ್ಕೆ ಅವಳು ಗೊತ್ತಿಲ್ಲ ಎಂದೇ ಹೇಳಿದಳು.

ಆಯ್ಕೆಯಾಯಿತು. ಆದರೆ ಕೋಲ್ಕತ್ತಕ್ಕಲ್ಲ, ಕೊಚ್ಚಿಗೆ.

ಸುದ್ದಿ ಕೇಳಿ ಸಲೋಮಿ ಶಾಖೆಗೆ ಬಂದಳು. "ನೀವು ಹೋಗ್ತೀರಿ. ಹೊಸ ಸಾಹೇಬ್ರು ಬಂದು ಮತ್ತೆ ತಿಂಗಳ ಕಂತು ಅಂದ್ರೆ? ಪ್ರತಿ ಸಲ ಎಲ್ಲಾನೂ ಮೊದಲಿಂದ ನಾವೇ ಕಲಿಸ್ಬೇಕಾ?"

ಶ್ರಾಬೊಣಿಗೆ ಇದು ಹೊಳೆದೇ ಇರಲಿಲ್ಲ. ತನ್ನ ಕಲಿಕೆ ತಪ್ಪಿಹೋಗದಂತೆ ಕಾದುಕೊಂಡಿದ್ದಳು. ಶಾಖೆ ಕಲಿತದ್ದು ಅವಳ ಜೊತೆಗೇ ಹೊರಟು ನಿಂತಿತ್ತು.

ಅಧಿಕಾರ ವಹಿಸಿಕೊಳ್ಳಲು ಬಂದ ಶೇಷಗಿರಿ ನೆಲ್ಲೂರಿನವನು, ಹಿಂದಿನ ವರ್ಷ ಗುವಾಹಟಿಯಲ್ಲಿದ್ದವನು. ಸೂಟ್‌ಕೇಸ್ ಇಳಿಸುವ ಮೊದಲೇ ಬೀಗದಕೈಗಳ ಬಗ್ಗೆ ವಿಚಾರಿಸಿದ.

"ಬೀಗದಕೈ ಎಲ್ಲೂ ಹೋಗಲ್ಲ. ನಾಳೆ ಭಾನುವಾರ, ನನ್ನ ಜೊತೆ ಬನ್ನಿ," ಎಂದಳು ಶ್ರಾಬೊಣಿ.

ಕುಸುಮ್ ಮರದ ಕೆಳಗೆ ಅವನು ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ನಿಂತ. ಇದಕ್ಕೇಕೆ ಕರೆತಂದರೋ ಎಂಬ ಮುಖ. ಸಲೋಮಿ ಒಂದು ಕಡ್ಡಿ ಮುರಿದು ಅವನ ಕೈಗಿತ್ತಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಈ ಹುಳಕ್ಕೆ ಕಾಲಿಲ್ವಾ? ಮುಂದಿನ ರೆಂಬೆಗೆ ಹೇಗೆ ಹೋಗುತ್ತೆ?"

"ಹುಟ್ಟಿದಾಗ ಕಾಲಿರುತ್ತೆ ಸಾಹೇಬ್ರೇ. ಒಂದು ಕಡೆ ಕೂತ ಮೇಲೆ ಉದುರಿಹೋಗುತ್ತೆ," ಎಂದು ಸಲೋಮಿ ಹೇಳಲು ಶುರುಮಾಡಿದಳು. ಶ್ರಾಬೊಣಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವನು ಇನ್ನೂ ಕೇಳುತ್ತಲೇ ಇದ್ದ.